'ತಿಳಿಸ್ತೀವಿ' ಅಂದವರಿಗೆ ಒಂದು ಪತ್ರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಖಾಸಗಿ ಕಾಲೇಜುಗಳಿಗೆ ಉಪನ್ಯಾಸಕ ಹುದ್ದೆ ಕೇಳಿಕೊಂಡು ಹೋದ ನಮ್ಮಂಥವರಿಗೆಲ್ಲ ಒಂದು ಮಾತು ಪರಿಚಿತ: 'ಆಯ್ತು, ತಿಳಿಸ್ತೀವಿ'. ತಿಳಿಸುವುದಿಲ್ಲ. ಬೇರೆಯವರು ಸೇರಿಕೊಂಡರೆಂದು ವಾರದ ಮೇಲೆ ಯಾರದೋ ಬಾಯಿಂದ ಗೊತ್ತಾಗುತ್ತದೆ. ಆಗ ನಮ್ಮವರು ಎರಡರಲ್ಲಿ ಒಂದು ಮಾಡುತ್ತಾರೆ. ಬೈದುಕೊಂಡು ಸುಮ್ಮನಾಗುತ್ತಾರೆ, ಇಲ್ಲವೇ 'ದಯಮಾಡಿ ಇನ್ನೊಮ್ಮೆ ಪರಿಶೀಲಿಸಬೇಕು ಸಾರ್' ಎಂದು ಕೈಮುಗಿಯುತ್ತಾರೆ. 'ನನ್ನಲ್ಲಿ ಏನು ಕಡಿಮೆಯಾಯಿತು ಹೇಳಿ' ಎಂದು ನೆಟ್ಟಗೆ ಕೇಳುವವರು ಅಪರೂಪ. ಕೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ.

'ಮಾಹಿತಿ ಹಕ್ಕು ಇದೆಯಲ್ಲ' ಅನ್ನುವ ಗೆಳೆಯರೂ ಇದ್ದಾರೆ. 2005ರ ಆ ಕಾಯ್ದೆ ಸರ್ಕಾರಿ ನೇಮಕಾತಿಯಲ್ಲಿ ನಿಜಕ್ಕೂ ದೊಡ್ಡ ಆಸರೆ. ಉತ್ತರಪತ್ರಿಕೆಯನ್ನು ಅಭ್ಯರ್ಥಿ ನೋಡಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಆದರೆ ಅದೇ ತೀರ್ಪು ಇನ್ನೊಂದನ್ನೂ ಹೇಳಿದೆ: ಕಡತದಲ್ಲಿ ಇರುವುದನ್ನಷ್ಟೇ ಕೊಡಬೇಕು, ಇಲ್ಲದ ಅಭಿಪ್ರಾಯವನ್ನು ಹೊಸದಾಗಿ ಹುಟ್ಟಿಸಿ ಕೊಡಬೇಕಿಲ್ಲ. ಅಂದರೆ 'ಎಷ್ಟು' ಎಂಬುದಕ್ಕೆ ಕಾನೂನು ಉತ್ತರ ಕೊಡಿಸುತ್ತದೆ, 'ಯಾಕೆ' ಎಂಬುದಕ್ಕೆ ಕೊಡಿಸುವುದಿಲ್ಲ. ಅನುದಾನವಿಲ್ಲದ ಖಾಸಗಿ ಕಾಲೇಜಿಗಂತೂ ಆ ಅರ್ಜಿಯೇ ನಾಟುವುದಿಲ್ಲ. 'ಯಾಕೆ'ಗೆ ಉಳಿದಿರುವುದು ಪತ್ರವೊಂದೇ.

ಪಾವಗಡದ ಕಡೆಯ ನನ್ನ ಗೆಳತಿಯೊಬ್ಬಳು, ನನ್ನಂತೆಯೇ ಸಂಶೋಧನಾ ವಿದ್ಯಾರ್ಥಿನಿ, ಒಂದು ಕಾಲೇಜಿನಲ್ಲಿ ಹಲ್ಮಿಡಿ ಶಾಸನದ ಬಗ್ಗೆ ಇಪ್ಪತ್ತು ನಿಮಿಷದ ಮಾದರಿ ಪಾಠ ಮಾಡಿದ್ದಳು. ಕೆಲಸ ಸಿಗಲಿಲ್ಲ. ಅವಳ ಮೊದಲ ಕರಡು ಹೀಗಿತ್ತು: 'ನನ್ನನ್ನು ಯಾಕೆ ಆಯ್ಕೆ ಮಾಡಲಿಲ್ಲ ಎಂದು ದಯವಿಟ್ಟು ತಿಳಿಸಿ.' 'ದಯವಿಟ್ಟು' ಇದ್ದರೂ ಇದು ವಿಚಾರಣೆಯೇ. ಓದಿದವರು ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಳ್ಳಲು ಕೂರುತ್ತಾರೆ, ಅಥವಾ ಫೋನು ಕೆಳಗಿಡುತ್ತಾರೆ. ಇಬ್ಬರೂ ಕೂತು ಬದಲಿಸಿದೆವು. ಪ್ರಾಂಶುಪಾಲರಿಗಲ್ಲ, ಪಾಠವನ್ನು ಕೂತು ಕೇಳಿದ್ದ ಕನ್ನಡ ವಿಭಾಗದ ಮುಖ್ಯಸ್ಥೆಗೆ ಕಳಿಸಿದೆವು. ಫಲಿತಾಂಶ ತಿಳಿದ ರಾತ್ರಿಯಲ್ಲ, ಮೂರನೇ ದಿನ:

'ಮೇಡಂ, ನಮಸ್ಕಾರ. ಮೊನ್ನೆ ನನ್ನ ಪಾಠ ಕೇಳಲು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಹುದ್ದೆ ಬೇರೆಯವರಿಗೆ ಆಗಿರುವುದು ತಿಳಿಯಿತು. ಅದನ್ನು ಮತ್ತೆ ಯೋಚಿಸಿ ಎಂದು ಕೇಳುತ್ತಿಲ್ಲ. ಮುಂದಿನ ಸಂದರ್ಶನಕ್ಕೆ ಮುನ್ನ ನಾನು ತಿದ್ದಿಕೊಳ್ಳಲೇಬೇಕಾದ ಒಂದು ವಿಷಯ ಯಾವುದು ಎಂದು ತಿಳಿಸಿದರೆ ಉಪಕಾರ. ಸಮಯದ ಹಂಚಿಕೆ ಸರಿಹೋಗಲಿಲ್ಲವೇನೋ ಎಂದು ನನಗೇ ಅನ್ನಿಸಿದೆ, ಬೇರೆ ಇದ್ದರೂ ಹೇಳಿ. ನೇರವಾಗಿ ಹೇಳಿದರೆ ಬೇಸರವಿಲ್ಲ. ಉತ್ತರಿಸಲು ಆಗದಿದ್ದರೂ ಅರ್ಥಮಾಡಿಕೊಳ್ಳುತ್ತೇನೆ.'

ಇಲ್ಲಿ ಒಂದೊಂದು ಮಾತಿಗೂ ಕೆಲಸವಿದೆ. 'ಮತ್ತೆ ಯೋಚಿಸಿ ಎಂದು ಕೇಳುತ್ತಿಲ್ಲ' ಎಂದಾಗ ಓದುವವರ ಹೆದರಿಕೆ ಇಳಿಯುತ್ತದೆ. 'ಒಂದು ವಿಷಯ' ಎಂದಾಗ ಉತ್ತರ ಎರಡು ಸಾಲಿನ ಕೆಲಸವಾಗುತ್ತದೆ. ತನ್ನದೇ ಒಂದು ಅನುಮಾನವನ್ನು ಮುಂದಿಟ್ಟಾಗ ಕಹಿ ಹೇಳುವ ಮುಜುಗರ ಅರ್ಧ ಕರಗುತ್ತದೆ. ಆದರೆ ಅಪಾಯವೂ ಅಲ್ಲೇ ಇದೆ. 'ಹೌದು, ಅದೇ' ಎಂದು ಸುಲಭವಾಗಿ ತಲೆಯಾಡಿಸಿಬಿಡಬಹುದು. ಅದಕ್ಕೇ 'ಬೇರೆ ಇದ್ದರೂ' ಎಂಬ ಬಾಗಿಲು ಬೇಕು.

ಉತ್ತರ ಬಂತು. ಹದಿನೈದು ನಿಮಿಷ ಶಾಸನದ ಕಾಲದ ಚರ್ಚೆಯಲ್ಲೇ ಕಳೆಯಿತು, ಕ್ರಿ.ಶ. 450 ಹೌದೋ ಅಲ್ಲವೋ ಎಂದು. ಶಾಸನದ ಒಂದು ಸಾಲನ್ನೂ ಮಕ್ಕಳಿಗೆ ಓದಿ ತೋರಿಸಲಿಲ್ಲ. ಹಿಂದಿನ ಬೆಂಚಿನವರು ಕಿಟಕಿಯಾಚೆ ನೋಡುತ್ತಿದ್ದರು. ಪ್ರಾಮಾಣಿಕ ಉತ್ತರದ ಗುರುತು ಇದೇ: ಅದರಲ್ಲಿ ಆ ದಿನ ಇರುತ್ತದೆ. 'ಎಲ್ಲಾ ಚೆನ್ನಾಗಿತ್ತಮ್ಮ, ಪೈಪೋಟಿ ಜಾಸ್ತಿ' ಎಂಬುದನ್ನು ಯಾರಿಗೆ ಬೇಕಾದರೂ ಕಳಿಸಬಹುದು. ಹಾಗೆ ಬಂದರೆ ಮತ್ತೆ ಕೆದಕಬಾರದು.

ಮೊದಲೇ ಆಳು ಗೊತ್ತಾಗಿದ್ದ ಕಡೆ, ಜಾತಿ, ದುಡ್ಡು, ಶಿಫಾರಸು ಕೆಲಸ ಮಾಡಿದ ಕಡೆ, ಎಷ್ಟು ವಿನಯದಿಂದ ಬರೆದರೂ ನಿಜ ಬರಹದಲ್ಲಿ ಬರುವುದಿಲ್ಲ. ಅದನ್ನು ಪತ್ರದ ಸೋಲು ಎನ್ನಲಾರೆ. ಆದರೆ ಎಲ್ಲ ಕಡೆಯೂ ಹಾಗೇ ಎಂದುಕೊಂಡು ಎಲ್ಲೂ ಕೇಳದಿರುವುದು ನಮ್ಮ ಸೋಮಾರಿತನಕ್ಕೆ ನಾವೇ ಕೊಟ್ಟುಕೊಂಡ ಗೌರವದ ಹೆಸರು. ಇನ್ನು ಕಾಲೇಜಿನವರು: ತರಗತಿಯಲ್ಲಿ ವರ್ಷವಿಡೀ ವಿಮರ್ಶೆ ಪಾಠ ಮಾಡುವ ಕನ್ನಡ ಮೇಷ್ಟ್ರುಗಳು, ತಾವೇ ಕೂತು ಅಳೆದ ಪಾಠದ ಬಗ್ಗೆ ಎರಡು ಸಾಲು ಬರೆಯಲು ಹಿಂಜರಿಯುವುದು ನನಗೆ ಅರ್ಥವಾಗದ ಸಂಗತಿ.

ಉತ್ತರ ಬಂದ ಸಂಜೆ ಗೆಳತಿ ಶಾಸನದ ಕಾಲದ ಚರ್ಚೆ ಯಾಕೆ ಅಗತ್ಯವಾಗಿತ್ತೆಂದು ಒಂದು ಪುಟದ ವಾದ ಬರೆದಿದ್ದಳು. ವಾದ ಗಟ್ಟಿಯಾಗಿಯೇ ಇತ್ತು. ಅಳಿಸಿಸಿದೆ. 'ತುಂಬಾ ಉಪಕಾರವಾಯಿತು ಮೇಡಂ, ಮುಂದಿನ ಸಲ ಓದುವುದರಿಂದಲೇ ಶುರುಮಾಡುತ್ತೇನೆ' ಎಂದಷ್ಟೇ ಹೋಯಿತು.