ಆಮೆ–ಮೊಲದ ಕಥೆ ಪೀಠಿಕೆಗೆ ಬೇಡ

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ಪದವಿಪೂರ್ವ ವಿದ್ಯಾರ್ಥಿಗಳಿಗೆ ಲಿಂಕ್ಡ್ ಲಿಸ್ಟ್‌ನಲ್ಲಿ ಚಕ್ರವನ್ನು ಪತ್ತೆ ಮಾಡುವ ಪಾಠ ನನ್ನ ಪಾಲಿಗೆ ಬಂತು. ಲಿಸ್ಟ್‌ನ ಪ್ರತಿ ನೋಡ್ ಮುಂದಿನ ನೋಡ್‌ನ ವಿಳಾಸವನ್ನು ಇಟ್ಟುಕೊಂಡಿರುತ್ತದೆ. ಕೊನೆಯದು ಯಾರನ್ನೂ ತೋರಿಸುವುದಿಲ್ಲ. ತಪ್ಪಿ ಅದು ಹಿಂದಿನ ಯಾವುದೋ ನೋಡ್ ಅನ್ನೇ ತೋರಿಸಿದರೆ ಚಕ್ರವಾಗುತ್ತದೆ, ಲಿಸ್ಟ್ ಓದಲು ಹೊರಟ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ನೋಡಿದ ನೋಡ್‌ಗಳನ್ನೆಲ್ಲ ಬರೆದಿಟ್ಟುಕೊಂಡು ಹೋದರೆ ಚಕ್ರ ಸಿಕ್ಕೀತು, ಆದರೆ ಅದಕ್ಕೆ ಲಿಸ್ಟ್‌ನಷ್ಟೇ ಜಾಗ ಬೇಕು. ರಾಬರ್ಟ್ ಫ್ಲಾಯ್ಡ್ ಅವರ ಹೆಸರಿನ ವಿಧಾನಕ್ಕೆ ಎರಡೇ ಪಾಯಿಂಟರ್ ಸಾಕು. ಒಂದು ಸಲಕ್ಕೆ ಒಂದು ಒಂದೇ ಹೆಜ್ಜೆ ಹೋಗುತ್ತದೆ, ಇನ್ನೊಂದು ಎರಡು ಹೆಜ್ಜೆ ಹೋಗುತ್ತದೆ. ಅವೆರಡೂ ಒಂದೇ ನೋಡ್‌ನಲ್ಲಿ ಸೇರಿದರೆ ಚಕ್ರವಿದೆ ಎಂದರ್ಥ.

ನಾನು ಎಲ್ಲರಂತೆ ಆಮೆ–ಮೊಲದ ಕಥೆಯಿಂದಲೇ ಪೀಠಿಕೆ ಹಾಕಿದೆ. ದುಂಡನೆಯ ಮೈದಾನದಲ್ಲಿ ಇಬ್ಬರು ಓಡುತ್ತಿದ್ದರೆ ವೇಗದವನು ಸುತ್ತು ಬಂದು ನಿಧಾನದವನನ್ನು ಹಿಡಿಯಲೇಬೇಕು ಎಂದೆ. ತರಗತಿ ತಲೆಯಾಡಿಸಿತು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತಳು. "ಮಿಸ್, ಮೊಲ ಎರಡೆರಡು ನೋಡ್ ಹಾರುತ್ತಲ್ಲ, ಆಮೆ ಇರೋ ನೋಡ್ ಅನ್ನೇ ದಾಟಿಕೊಂಡು ಹೋಗಿಬಿಟ್ಟರೆ?"

ನನ್ನಲ್ಲಿ ಉತ್ತರವಿರಲಿಲ್ಲ. "ಸುತ್ತುತ್ತಾ ಇರುತ್ತಲ್ಲ, ಎಂದಾದರೂ ಸಿಗುತ್ತೆ" ಎಂದು ಕೂರಿಸಿದೆ. ವೀಕ್ಷಣಾ ಪುಸ್ತಕದಲ್ಲಿ 'ಪೀಠಿಕೆ ಆಕರ್ಷಕವಾಗಿತ್ತು' ಎಂಬ ಷರಾ ಬಂತು, ಅಂಕವೂ ಬಂತು. ಹುಡುಗಿಯ ಪ್ರಶ್ನೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಷರಾವನ್ನು ನಾನು ಒಪ್ಪುವುದಿಲ್ಲ.

ಆಕೆ ಹಿಡಿದದ್ದು ಹೋಲಿಕೆಯಲ್ಲಿದ್ದ ತಪ್ಪನ್ನೇ. ಮೈದಾನದಲ್ಲಿ ಒಬ್ಬ ಇನ್ನೊಬ್ಬನನ್ನು ದಾಟಬೇಕಾದರೆ ಒಂದು ಕ್ಷಣ ಪಕ್ಕಪಕ್ಕದಲ್ಲಿ ಇರಲೇಬೇಕು. ಲಿಸ್ಟ್‌ನಲ್ಲಿ ಹಾಗಿಲ್ಲ. ನೋಡ್‌ಗೂ ನೋಡ್‌ಗೂ ನಡುವೆ ನಿಲ್ಲುವ ಜಾಗವಿಲ್ಲದ ಕಾರಣ ಭೇಟಿಯಾಗದೆಯೇ ದಾಟಿ ಹೋಗಲು ಸಾಧ್ಯವಿದೆ. ಈ ವಿಧಾನದಲ್ಲಿ ಹಾಗೆ ಏಕೆ ಆಗುವುದಿಲ್ಲ ಎನ್ನುವುದೇ ಪಾಠದ ತಿರುಳು. ಕಥೆ ಮುಚ್ಚಿಡುವುದೂ ಅದನ್ನೇ.

ಮರುವಾರ ಅದೇ ಪಾಠವನ್ನು ಇನ್ನೊಂದು ವಿಭಾಗಕ್ಕೆ ಕಥೆಯಿಲ್ಲದೆ ಮಾಡಿದೆ. ಎಂಟು ವಿದ್ಯಾರ್ಥಿಗಳನ್ನು ನಿಲ್ಲಿಸಿ, ಪ್ರತಿಯೊಬ್ಬರೂ ಮುಂದಿನವರ ಹೆಗಲ ಮೇಲೆ ಕೈ ಇಡುವಂತೆ ಹೇಳಿದೆ. ಎಂಟನೆಯವನು ನಾಲ್ಕನೆಯವಳ ಹೆಗಲ ಮೇಲೆ ಕೈ ಇಟ್ಟ. ಹೀಗೆ 1, 2, 3 ಬಾಲವಾಯಿತು. 4ರಿಂದ 8ರವರೆಗಿನ ಐವರು ಚಕ್ರವಾದರು. ಡಸ್ಟರ್ ನಿಧಾನದ ಪಾಯಿಂಟರ್, ಸೀಮೆಸುಣ್ಣದ ಡಬ್ಬಿ ವೇಗದ ಪಾಯಿಂಟರ್. ಎರಡೂ ಮೊದಲನೆಯವನ ಕೈಯಲ್ಲಿ ಶುರುವಾದವು. ನಾನು ಚಪ್ಪಾಳೆ ತಟ್ಟಿದಾಗಲೆಲ್ಲ ಡಸ್ಟರ್ ಒಂದು ಕೈ ಮುಂದೆ ಹೋಗಬೇಕು, ಡಬ್ಬಿ ಎರಡು ಕೈ.

ಮೊದಲ ಚಪ್ಪಾಳೆಗೆ ಡಸ್ಟರ್ 2ರಲ್ಲಿ, ಡಬ್ಬಿ 3ರಲ್ಲಿ. ಎರಡನೆಯದಕ್ಕೆ 3 ಮತ್ತು 5. ಮೂರನೆಯದಕ್ಕೆ 4 ಮತ್ತು 7. ಇಲ್ಲಿ ನಿಲ್ಲಿಸಿದೆ, ಏಕೆಂದರೆ ಡಸ್ಟರ್ ಈಗ ತಾನೇ ಚಕ್ರದೊಳಗೆ ಬಂದಿದೆ. "ಡಬ್ಬಿ ಡಸ್ಟರ್‌ಗಿಂತ ಎಷ್ಟು ಹಿಂದಿದೆ?" ಎಂದು ಕೇಳಿದೆ. 'ಮುಂದಿದೆ' ಎಂದವರೇ ಹೆಚ್ಚು. 7ರಿಂದ ಹೊರಟು 8, ಆಮೇಲೆ 4 ಎಂದು ಬೆರಳಿಟ್ಟು ಎಣಿಸಿದ ಮೇಲೆ ಎರಡು ಹೆಜ್ಜೆ ಹಿಂದಿದೆ ಎಂದು ಒಪ್ಪಿದರು. ನಾಲ್ಕನೇ ಚಪ್ಪಾಳೆಗೆ ಡಸ್ಟರ್ 5ಕ್ಕೆ, ಡಬ್ಬಿ 8 ದಾಟಿ 4ಕ್ಕೆ ಬಂತು: ಅಂತರ ಒಂದು. ಐದನೆಯದಕ್ಕೆ ಎರಡೂ 6ನೆಯವಳ ಕೈಯಲ್ಲಿ ಸೇರಿದವು: ಅಂತರ ಸೊನ್ನೆ.

ಕರಿಹಲಗೆಯ ಮೇಲೆ 2, 1, 0 ಎಂದು ಬರೆದಾಗ ಒಬ್ಬ ಹುಡುಗ ತಾನಾಗಿಯೇ ಹೇಳಿದ: "ಡಸ್ಟರ್ ಒಂದು ಹೆಜ್ಜೆ ಓಡಿ ಹೋಗುತ್ತೆ, ಡಬ್ಬಿ ಎರಡು ಹತ್ತಿರ ಬರುತ್ತೆ, ಅಂದರೆ ಪ್ರತಿ ಸಲ ಒಂದೇ ಕಡಿಮೆಯಾಗುತ್ತೆ." ಒಂದೊಂದೇ ಇಳಿಯುವ ಸಂಖ್ಯೆ ಸೊನ್ನೆಯನ್ನು ಹಾರಿ ಹೋಗಲಾರದು. ಮೂರನೇ ಬೆಂಚಿನ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟೇ. ಡಸ್ಟರ್ ಚಕ್ರದೊಳಗೆ ಬಂದಾಗ ಅಂತರ ಚಕ್ರದ ಉದ್ದಕ್ಕಿಂತ ಕಡಿಮೆಯೇ ಇರುವುದರಿಂದ ಅದು ಒಂದು ಸುತ್ತು ಮುಗಿಸುವ ಮೊದಲೇ ಸಿಕ್ಕಿಬೀಳುತ್ತದೆ.

ಇದು ವೇಗದ ಫಲವಲ್ಲ, ವೇಗಗಳ ವ್ಯತ್ಯಾಸ ಒಂದು ಆಗಿರುವುದರ ಫಲ ಎಂದು ತೋರಿಸಲು ಇನ್ನೊಂದು ಆಟ ಆಡಿಸಿದೆ. ನಾಲ್ವರನ್ನು ಪೂರ್ತಿ ಚಕ್ರವಾಗಿ ನಿಲ್ಲಿಸಿ, ಡಸ್ಟರ್ ಅನ್ನು 1ರಲ್ಲಿ, ಡಬ್ಬಿಯನ್ನು 2ರಲ್ಲಿ ಇಟ್ಟು, ಡಬ್ಬಿ ಮೂರು ಮೂರು ಕೈ ಹೋಗಲಿ ಎಂದೆ. ಡಸ್ಟರ್ 2, 3, 4, 1 ಎಂದು ನಡೆಯಿತು. ಡಬ್ಬಿ 1, 4, 3, 2 ಎಂದು ಬಂತು. ನಾಲ್ಕು ಚಪ್ಪಾಳೆಗೆ ಎಲ್ಲವೂ ಹೊರಟ ಜಾಗದಲ್ಲೇ! ಅಂತರ 3, 1, 3, 1 ಎಂದೇ ತೂಗಾಡುತ್ತದೆ. ಪ್ರತಿ ಸಲ ಎರಡು ಇಳಿಯುವುದರಿಂದ ಬೆಸ ಅಂತರವಿದ್ದಾಗ ಸೊನ್ನೆಯನ್ನು ಹಾರಿಬಿಡುತ್ತದೆ, ಚಕ್ರದ ಉದ್ದ ಸಮವಾದ್ದರಿಂದ ಮತ್ತೆ ಬೆಸಕ್ಕೇ ಬೀಳುತ್ತದೆ. ಎರಡೂ ಒಂದೇ ನೋಡ್‌ನಿಂದ ಹೊರಟಿದ್ದರೆ ಮೂರರ ವೇಗದಲ್ಲೂ ಸೇರುತ್ತಿದ್ದವು ಎಂಬುದನ್ನೂ ಹೇಳಬೇಕು. ಇಲ್ಲವಾದರೆ 'ಮೂರು ಎಂದರೆ ತಪ್ಪು' ಎಂದು ಮಕ್ಕಳು ಬಾಯಿಪಾಠ ಮಾಡಿಕೊಳ್ಳುತ್ತಾರೆ.

ಆಮೇಲಷ್ಟೇ ಕೋಡ್ ಬರೆದೆ.

```python
def has_cycle(head):
    slow = fast = head
    while fast is not None and fast.next is not None:
        slow = slow.next
        fast = fast.next.next
        if slow is fast:
            return True
    return False
```

ಇಲ್ಲಿ ಮಕ್ಕಳು ಎರಡು ಕಡೆ ಎಡವುತ್ತಾರೆ. `if` ಸಾಲನ್ನು ಚಲನೆಗಿಂತ ಮೊದಲು ಇಟ್ಟರೆ, ಎರಡೂ `head`ನಲ್ಲೇ ಇರುವ ಕಾರಣ, ಚಕ್ರವಿಲ್ಲದ ಲಿಸ್ಟ್‌ಗೂ `True` ಬರುತ್ತದೆ. ಎರಡನೆಯದು, ನೋಡ್‌ಗಳ ಬದಲು ಅವುಗಳೊಳಗಿನ ಬೆಲೆಗಳನ್ನು ಹೋಲಿಸುವುದು. 5, 9, 5 ಎಂಬ ನೇರ ಲಿಸ್ಟ್‌ನಲ್ಲಿ ಎರಡು 5 ಇದ್ದರೂ ಅವು ಬೇರೆ ಬೇರೆ ನೋಡ್‌ಗಳು. ಹೆಗಲ ಮೇಲೆ ಕೈ ಇಟ್ಟು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಒಂದೇ ಹೆಸರಿನ ಇಬ್ಬರು ಸಾಲಿನಲ್ಲಿದ್ದರು.

ಕಥೆ ಇದ್ದರೆ ಮಕ್ಕಳು ವಿಧಾನವನ್ನು ಮರೆಯುವುದಿಲ್ಲ ಎಂದು ನನ್ನ ಸಹಪಾಠಿಗಳು ವಾದಿಸುತ್ತಾರೆ. ನಿಜ, ಹೆಸರು ಮರೆಯುವುದಿಲ್ಲ. ಆದ್ದರಿಂದ ಅದನ್ನು ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳೋಣ. ಪೀಠಿಕೆಯಲ್ಲಿ ಬಂದರೆ ಕಾರಣವನ್ನು ಹುಡುಕುವ ಮೊದಲೇ ಉತ್ತರ ಸಿಕ್ಕಿದಂತಾಗಿ ತರಗತಿ ಪ್ರಶ್ನೆ ಕೇಳುವುದನ್ನು ಬಿಡುತ್ತದೆ. ಮೊದಲ ವಿಭಾಗದಲ್ಲಿ ಒಬ್ಬಳು ಬಿಡಲಿಲ್ಲ, ಅದು ನನ್ನ ಅದೃಷ್ಟ.

ನಾನು ಆ ವಿಭಾಗಕ್ಕೆ ಮತ್ತೆ ಹೋಗಿ ಆಕೆಯ ಮುಂದೆಯೇ ಎಂಟು ಜನರ ಆಟ ಆಡಿಸಿದೆ. 2, 1, 0 ನೋಡಿ ಒಪ್ಪಿದಳು. ಕೂರುವ ಮೊದಲು ಕೇಳಿದಳು: "ಮಿಸ್, ಸಿಕ್ಕಿದ್ದು 6ರಲ್ಲಿ. ಆದರೆ ತಪ್ಪಾಗಿ ಸೇರಿರೋದು 4ಕ್ಕೆ ಅಲ್ವಾ? ಅದನ್ನ ಹೇಗೆ ಹುಡುಕೋದು?" ಡಬ್ಬಿಯನ್ನು 6ರಲ್ಲೇ ಬಿಟ್ಟು ಡಸ್ಟರ್ ಅನ್ನು 1ನೆಯವನ ಕೈಗೆ ಕೊಡಿಸಿದೆ. ಈಗ ಎರಡೂ ಒಂದೊಂದೇ ಹೆಜ್ಜೆ ಎಂದೆ. ಮೂರು ಚಪ್ಪಾಳೆ: 2 ಮತ್ತು 7, 3 ಮತ್ತು 8, 4 ಮತ್ತು 4. ಏಕೆ ಹೀಗೆ ಎಂದು ಕೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಭೇಟಿಯಾಗುವವರೆಗೆ ಡಸ್ಟರ್ 5 ಹೆಜ್ಜೆ ನಡೆದಿತ್ತು, ಡಬ್ಬಿ 10. ಹೆಚ್ಚಿನ 5 ಹೆಜ್ಜೆ ಸರಿಯಾಗಿ ಚಕ್ರದ ಒಂದು ಸುತ್ತು. ಮುಂದಿನ ಪಾಠ ಯೋಜನೆಯನ್ನು ಅಲ್ಲಿಂದ ಶುರುಮಾಡಿದ್ದೇನೆ. ಪೀಠಿಕೆಯ ಜಾಗದಲ್ಲಿ ಅವಳ ಪ್ರಶ್ನೆಯನ್ನೇ ಬರೆದುಕೊಂಡಿದ್ದೇನೆ.