ಲ್ಯಾಕ್ಟೋಮೀಟರಿನ ಒಂದೇ ಸಾಕ್ಷ್ಯ ಸಾಲದು

ತಾಳವಾಡಿ ಸೀಮೆಯ ಹಾಲಿನ ಕೇಂದ್ರಗಳಲ್ಲಿ ಬೆಳಗಿನ ಜಗಳ ಬಹುಪಾಲು ಒಂದೇ ಬಗೆಯದು. ಹಾಲಿಗೆ ಲ್ಯಾಕ್ಟೋಮೀಟರು ಇಳಿಬಿಡುತ್ತಾರೆ, ಅಂಕಿ 26 ತೋರುತ್ತದೆ, "ನೀರು ಬೆರೆಸಿದ್ದೀರಿ" ಎಂಬ ಮಾತು ಬರುತ್ತದೆ. ಇಷ್ಟರ ಮೇಲೆಯೇ ಒಬ್ಬ ರೈತನ ಹಾಲನ್ನು ತಿರುಗಿಸಿ ಕಳಿಸುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಅದೇ ಬಗೆಯಲ್ಲಿ, 28 ತೋರಿತೆಂದು ಇನ್ನೊಬ್ಬನ ಹಾಲನ್ನು ಒಳ್ಳೆಯದೆನ್ನುವುದೂ ತಪ್ಪು.

ಲ್ಯಾಕ್ಟೋಮೀಟರು ಅಳೆಯುವುದು ಹಾಲಿನ ಸಾಂದ್ರತೆಯೊಂದನ್ನೇ. ಅಂಕಿ 28 ಎಂದರೆ ಒಂದು ಲೀಟರು ಹಾಲು ಅಷ್ಟೇ ನೀರಿಗಿಂತ ಸುಮಾರು 28 ಗ್ರಾಂ ಹೆಚ್ಚು ತೂಗುತ್ತದೆ ಎಂದರ್ಥ. ಈಗ ಬಳಕೆಯಲ್ಲಿರುವ ಉಪಕರಣ ಸಾಮಾನ್ಯವಾಗಿ 27 ಡಿಗ್ರಿ ಸೆಂಟಿಗ್ರೇಡ್ ಉಷ್ಣಕ್ಕೆ ಗೊತ್ತುಮಾಡಿದ್ದು. ಹಾಲು ಇದಕ್ಕಿಂತ ಬಿಸಿಯಾಗಿದ್ದರೆ ಪ್ರತಿ ಡಿಗ್ರಿಗೆ ಸುಮಾರು 0.2ರಂತೆ ಅಂಕಿಗೆ ಕೂಡಿಸಬೇಕು, ತಂಪಾಗಿದ್ದರೆ ಕಳೆಯಬೇಕು. ಆಗತಾನೆ ಕರೆದು ತಂದ ಹಾಲಿನ ಉಷ್ಣ 35 ಡಿಗ್ರಿಯಿದ್ದರೆ 8 ಡಿಗ್ರಿಗೆ 1.6 ಸೇರಿ, ಆ 26 ನಿಜವಾಗಿ 27.6 ಆಗುತ್ತದೆ. ನಮ್ಮ ಮಲೆಯ ಚಳಿಯಲ್ಲಿ 20 ಡಿಗ್ರಿಗೆ ತಣಿದ ಹಾಲಿನಲ್ಲಿ ಇದರ ವಿರುದ್ಧ ನಡೆಯುತ್ತದೆ: 28 ಎಂದು ತೋರಿದ್ದು 26.6 ಮಾತ್ರ. ಕರೆದ ಹಾಲಿನಲ್ಲಿ ನೊರೆಯೂ ಗಾಳಿಯೂ ತುಂಬಿರುವುದರಿಂದ ಅಂಕಿ ಇನ್ನೂ ಕೆಳಗಿಳಿಯುತ್ತದೆ. ತುಸು ಹೊತ್ತು ಇಟ್ಟು, ನಿಧಾನವಾಗಿ ಕಲಕಿ ನೋಡಬೇಕು. ಉಷ್ಣಮಾಪಕವಿಲ್ಲದ ಕೇಂದ್ರದಲ್ಲಿ ಲ್ಯಾಕ್ಟೋಮೀಟರು ಇದ್ದೂ ಇಲ್ಲದಂತೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಜಿಡ್ಡು ನೀರಿಗಿಂತ ಹಗುರ. ಕೆನೆ ತೆಗೆದರೆ ಅಂಕಿ ಏರುತ್ತದೆ, ನೀರು ಹೊಯ್ದರೆ ಇಳಿಯುತ್ತದೆ. ಎರಡನ್ನೂ ಹದವಾಗಿ ಮಾಡಿದವನು ಸಿಕ್ಕಿಬೀಳುವುದಿಲ್ಲ. ಒಂದು ಲೆಕ್ಕ ನೋಡೋಣ. ಶುದ್ಧ ಹಸುವಿನ ಹಾಲು, ಜಿಡ್ಡು ಶೇಕಡಾ 4, ಅಂಕಿ 28. ಇದರ 5 ಲೀಟರಿಗೆ ಕೆನೆ ತೆಗೆದ ಹಾಲು 5 ಲೀಟರು ಸೇರಿಸಿದರೆ ಅಂಕಿ 30ರ ಮೇಲೇರುತ್ತದೆ. ಆಮೇಲೆ ಒಂದು ಲೀಟರು ನೀರು ಹೊಯ್ದರೆ ಮತ್ತೆ 28ಕ್ಕೇ ಬಂದು ನಿಲ್ಲುತ್ತದೆ! ಲ್ಯಾಕ್ಟೋಮೀಟರು ತಲೆದೂಗುತ್ತದೆ, ಜಿಡ್ಡು ಮಾತ್ರ 1.8ಕ್ಕೆ ಕುಸಿದಿರುತ್ತದೆ.

ಇದನ್ನು ಹೊರಗೆಳೆಯುವುದು ಗರ್ಬರ್ ಪರೀಕ್ಷೆ. ಅದರ ನಳಿಗೆಗೆ ಮೊದಲು 10 ಮಿಲಿಲೀಟರು ಗಂಧಕಾಮ್ಲ, ಅದರ ಮೇಲೆ ಗೋಡೆಗುಂಟ ಮೆಲ್ಲಗೆ 10.75 ಮಿಲಿಲೀಟರು ಹಾಲು, ಕೊನೆಗೆ 1 ಮಿಲಿಲೀಟರು ಅಮೈಲ್ ಆಲ್ಕೋಹಾಲು. ಬಿರಡೆ ಬಿಗಿದು, ಬಟ್ಟೆಯಲ್ಲಿ ಹಿಡಿದು ಅಲುಗಿಸಬೇಕು. ನಳಿಗೆ ಕೈ ಸುಡುವಷ್ಟು ಕಾಯುತ್ತದೆ. ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 1,100 ಸುತ್ತಿನಂತೆ ನಾಲ್ಕೈದು ನಿಮಿಷ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿಟ್ಟು ಓದಬೇಕು. ಜಿಡ್ಡಿನ ಕಂಬ ತಿಳಿಹಳದಿಯಾಗಿ ಸ್ಪಷ್ಟವಾಗಿದ್ದರೆ ಸರಿ. ಅದರ ಕೆಳಗೆ ಕರಿಯ ಚೂರು ಕಂಡರೆ ಆಮ್ಲ ತೀಕ್ಷ್ಣವಾಯಿತು. ಬಿಳಿಯ ಮೊಸರಿನಂಥದು ಕಂಡರೆ ಸಪ್ಪೆಯಾಯಿತು. ಅಂಥ ಪರೀಕ್ಷೆಯನ್ನು ಬರೆದುಕೊಳ್ಳದೆ ಹೊಸದಾಗಿ ಮಾಡಬೇಕು. ಕ್ಯಾನನ್ನು ಕಲಕದೆ ಮೇಲಿನ ಹಾಲನ್ನೇ ಮಾದರಿಗೆ ತೆಗೆದರೆ ಇಷ್ಟೆಲ್ಲ ಶ್ರಮ ವ್ಯರ್ಥ.

ಇನ್ನು ಎರಡು ಸಾಕ್ಷ್ಯಗಳನ್ನು ಕೂಡಿಸಿ ನೋಡುವುದು. 27 ಡಿಗ್ರಿಯ ಉಪಕರಣಕ್ಕೆ ರೂಢಿಯ ಲೆಕ್ಕ ಹೀಗೆ: ಅಂಕಿಯ ಕಾಲುಭಾಗ, ಜಿಡ್ಡಿನ ಕಾಲುಭಾಗ, ಮೇಲೆ 0.44. ಬಂದದ್ದು ಜಿಡ್ಡಲ್ಲದ ಘನಾಂಶ. ಕೊನೆಯಲ್ಲಿ ಕೂಡಿಸುವ ಸಂಖ್ಯೆ ಕೆಲವೆಡೆ ತುಸು ಬೇರೆಯಿರುತ್ತದೆ. ನಿಮ್ಮ ಕೇಂದ್ರದ್ದು ಯಾವುದೆಂದು ಕೇಳಿ ತಿಳಿಯಿರಿ. ಶುದ್ಧ ಹಾಲಿಗೆ 7, 1, 0.44 ಸೇರಿ 8.44. ಬೆರಕೆ ಹಾಲಿಗೆ 7, 0.45, 0.44 ಸೇರಿ 7.89. ಹಸುವಿನ ಹಾಲಿಗೆ ಈಗಿನ ಕಾನೂನು ಕೇಳುವುದು ಕನಿಷ್ಠ 3.2 ಜಿಡ್ಡು, 8.3 ಘನಾಂಶ.

ಜಿಡ್ಡು ಕಡಮೆಯಾದ ಹಾಲೆಲ್ಲ ಕಳ್ಳ ಹಾಲೂ ಅಲ್ಲ. ಕೆಚ್ಚಲಿನ ಕೊನೆಯ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದನ್ನು ಕರುವಿಗೆ ಬಿಟ್ಟವಳ ಹಾಲಿನಲ್ಲಿ ಜಿಡ್ಡು 3, ಅಂಕಿ 29 ಬರಬಹುದು. ಲೆಕ್ಕ ಹಾಕಿದರೆ ಘನಾಂಶ ಮತ್ತೆ 8.44, ಒಂದು ತೊಟ್ಟು ನೀರೂ ಸೇರಿಲ್ಲ. ಆಕೆಗೆ ಬೆಲೆ ಕಡಮೆ ಕೊಡಲಿ, ಅಪವಾದ ಹೊರಿಸುವುದು ಬೇಡ. ಸಕ್ಕರೆ, ಉಪ್ಪು, ಯೂರಿಯಾ ಹಾಕಿ ಅಂಕಿ ಏರಿಸಿದ್ದನ್ನು ಈ ಎರಡು ಪರೀಕ್ಷೆಗಳೂ ಹಿಡಿಯಲಾರವು. ಅವಕ್ಕೆ ಪ್ರತ್ಯೇಕ ಪರೀಕ್ಷೆಗಳುಂಟು.

ಈಚೆಗೆ ಹಲವು ಕೇಂದ್ರಗಳಲ್ಲಿ ವಿದ್ಯುತ್ ಯಂತ್ರ ಕ್ಷಣದಲ್ಲಿ ಎರಡು ಅಂಕಿಗಳನ್ನೂ ಅಚ್ಚುಹಾಕಿ ಕೊಡುತ್ತದೆ. ಸಂತೋಷವೇ. ಅದು ಸರಿಯಿದೆಯೇ ಎಂದು ತಾಳೆ ನೋಡಲು ಗರ್ಬರ್ ನಳಿಗೆ ಬೇಕೇ ಬೇಕು. ತಕರಾರೆದ್ದ ದಿನ ಹಾಲು ಕೊಟ್ಟವರ ಕಣ್ಣೆದುರಿಗೇ ಎರಡೂ ಪರೀಕ್ಷೆ ನಡೆಯಲಿ. ಪಾಸುಪುಸ್ತಕದಲ್ಲಿ ಅಂಕಿ, ಜಿಡ್ಡು ಮಾತ್ರವಲ್ಲದೆ ಹಾಲಿನ ಉಷ್ಣವನ್ನೂ ಬರೆಯಲಿ.