ಶುಕ್ರವಾರ 11ಕ್ಕೆ ಪ್ಯಾನೆಲ್ ಅಂತೆ, ರಜೆ ಸಿಗಲ್ಲ. ರಿಪ್ಲೈ ಏನು ಮಾಡೋದು?

ಎಂಟನೇ ಸೆಮ್‌ನಲ್ಲಿ ಇಂಟರ್ನ್‌ಶಿಪ್ ಮಾಡ್ತಾ ಆಫ್-ಕ್ಯಾಂಪಸ್ ಕೆಲಸ ಹುಡುಕುವವರಿಗೆ ಈ ಮೇಲ್ ಒಂದಲ್ಲ ಒಂದು ದಿನ ಬರುತ್ತದೆ. ಬುಧವಾರ ಸಂಜೆ ಬರುತ್ತದೆ. ‘ಮೊದಲ ಸುತ್ತಿನಲ್ಲಿ ಆಯ್ಕೆಯಾಗಿದ್ದೀರಿ, ಶುಕ್ರವಾರ ಬೆಳಿಗ್ಗೆ 11ರಿಂದ 12.30ರವರೆಗೆ ಪ್ಯಾನೆಲ್ ಇಂಟರ್ವ್ಯೂ, ಕೂಡಲೇ ಕನ್ಫರ್ಮ್ ಮಾಡಿ.’ ಇತ್ತ ಇಂಟರ್ನ್‌ಶಿಪ್ ಆಫೀಸಿನಲ್ಲಿ ಅದೇ ಶುಕ್ರವಾರ ಡೆಮೊ. ರಜೆ ಬಿಡಿ, ಎರಡು ಗಂಟೆ ಪರ್ಮಿಶನ್ ಕೂಡ ಕೇಳೋ ಹಾಗಿಲ್ಲ.

ಇಂಥ ಹೊತ್ತಲ್ಲಿ ನಮ್ಮವರು ಮಾಡೋದು ಸಾಮಾನ್ಯವಾಗಿ ಮೂರರಲ್ಲಿ ಒಂದು. ‘ಓಕೆ ಸರ್’ ಅಂತ ಬರೆದು, ಶುಕ್ರವಾರ ಬೆಳಿಗ್ಗೆ ಜ್ವರ ಅಂತ ಆಫೀಸಿಗೆ ಮೆಸೇಜ್ ಹಾಕೋದು. ಏನು ಬರೆಯಬೇಕೋ ಗೊತ್ತಾಗದೆ ಗುರುವಾರ ಮಧ್ಯಾಹ್ನದವರೆಗೂ ಸುಮ್ಮನಿರೋದು. ಇಲ್ಲವೇ ‘ರೀಶೆಡ್ಯೂಲ್ ಮಾಡೋಕಾಗುತ್ತಾ?’ ಅಂತ ಒಂದು ಸಾಲು ಬರೆದು ಕಾಯುತ್ತಾ ಕೂರೋದು. ಮೂರನೆಯದು ನೋಡೋಕೆ ಸಭ್ಯವಾಗಿದೆ, ಆದರೆ ಕೆಲಸ ಕೆಡುವುದು ಹೆಚ್ಚಾಗಿ ಅದರಿಂದಲೇ ಅನ್ನೋದು ನಮ್ಮ ಅಭಿಪ್ರಾಯ.

ಯಾಕೆ ಅಂದರೆ, ಪ್ಯಾನೆಲ್ ಅಂದರೆ ಮೂರು-ನಾಲ್ಕು ಜನ. ಅವರಲ್ಲಿ ಯಾರೂ ರಿಕ್ರೂಟರ್ ಕೈಕೆಳಗೆ ಇರೋರಲ್ಲ. ತಮ್ಮ ತಮ್ಮ ಪ್ರಾಜೆಕ್ಟಿನಲ್ಲಿ ಮುಳುಗಿರುವ ಎಂಜಿನಿಯರುಗಳು, ಮ್ಯಾನೇಜರುಗಳು. ಅವರೆಲ್ಲರ ಕ್ಯಾಲೆಂಡರಿನಲ್ಲಿ ಒಂದೇ ಹೊತ್ತು ಖಾಲಿ ಸಿಕ್ಕಿದ್ದು ಶುಕ್ರವಾರ 11ಕ್ಕೆ, ಅಷ್ಟೇ. ನಿಮ್ಮನ್ನು ಪರೀಕ್ಷೆ ಮಾಡೋಕೆ ಯಾರೂ ಬೇಕಂತಲೇ ಕಡಿಮೆ ಸಮಯ ಕೊಟ್ಟಿರೋದಿಲ್ಲ. ‘ರೀಶೆಡ್ಯೂಲ್ ಆಗುತ್ತಾ?’ ಅಂದರೆ ರಿಕ್ರೂಟರ್ ‘ಯಾವಾಗ ಆಗುತ್ತೆ?’ ಅಂತ ತಿರುಗಿ ಕೇಳಬೇಕು, ನೀವು ಹೇಳಬೇಕು, ಆಮೇಲೆ ಅವರು ಪ್ಯಾನೆಲ್‌ನವರನ್ನು ಕೇಳಬೇಕು. ಬುಧವಾರ ಸಂಜೆಯಿಂದ ಶುಕ್ರವಾರ 11ರವರೆಗೆ ಇರೋದು ಸುಮಾರು 40 ಗಂಟೆ; ಅದರಲ್ಲಿ ಆಫೀಸ್ ಸಮಯ ಒಂದೇ ದಿನ. ಒಂದು ಸುತ್ತು ಪ್ರಶ್ನೋತ್ತರಕ್ಕೆ ಅರ್ಧ ದಿನ ಹೋದರೆ ಉಳಿಯೋದೇನು? ರಿಕ್ರೂಟರ್ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಫೋನ್ ಮಾಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಹಾಗಾಗಿ ರಿಪ್ಲೈ ಅದೇ ಸಂಜೆ ಹೋಗಬೇಕು, ಮತ್ತು ಅದರಲ್ಲೇ ಬೇರೆ ಸಮಯಗಳು ಇರಬೇಕು. ಕಳೆದ ಏಪ್ರಿಲ್‌ನಲ್ಲಿ ಎಲೆಕ್ಟ್ರಾನಿಕ್ಸ್‌ನ ನಮ್ಮ ಸೀನಿಯರ್ ಅಕ್ಕ ಒಬ್ಬರು ಮಾಡಿದ್ದು ಇದನ್ನೇ. ಅವರ ಆಫೀಸು ಐದೂವರೆಗೆ ಮುಗಿಯುತ್ತಿತ್ತು, ಪಿಜಿ ಕಾಲು ಗಂಟೆ ನಡಿಗೆ. ಮೇಲ್ ಬಂದ ಒಂದು ಗಂಟೆಯೊಳಗೆ ಇಂಗ್ಲಿಷಿನಲ್ಲಿ ಕಳಿಸಿದ ರಿಪ್ಲೈಯ ಕನ್ನಡ ಇಷ್ಟು:

‘ಅವಕಾಶಕ್ಕೆ ಧನ್ಯವಾದ. ಪ್ಯಾನೆಲ್ ಸುತ್ತಿಗೆ ಬರಲು ನನಗೆ ಖಂಡಿತ ಆಸಕ್ತಿ ಇದೆ. ಶುಕ್ರವಾರ ಹಗಲಿನಲ್ಲಿ ಮೊದಲೇ ಒಪ್ಪಿಕೊಂಡ ಕೆಲಸವಿರುವುದರಿಂದ 11 ಗಂಟೆಗೆ ಬರಲಾಗುವುದಿಲ್ಲ. ಈ ಸಮಯಗಳಲ್ಲಿ ಪೂರ್ತಿ 90 ನಿಮಿಷ ಬಿಡುವಿದೆ, ಎಲ್ಲವೂ ಭಾರತೀಯ ಕಾಲಮಾನ: ಗುರುವಾರ ಸಂಜೆ 6.30ರ ನಂತರ, ಶುಕ್ರವಾರ ಬೆಳಿಗ್ಗೆ 7.30ರಿಂದ 9, ಶುಕ್ರವಾರ ಸಂಜೆ 6.30ರ ನಂತರ, ಸೋಮವಾರ ಸಂಜೆ 6.30ರ ನಂತರ. ಎಲ್ಲರೂ ಒಟ್ಟಿಗೆ ಸಿಗುವುದು ಕಷ್ಟವಾದರೆ ಎರಡು ಭಾಗವಾಗಿ ಮಾಡಿದರೂ ನನಗೆ ಸರಿ. ಫೋನಿನಲ್ಲಿ ಮಾತಾಡುವುದಾದರೆ ಇವತ್ತು ರಾತ್ರಿ 9ರವರೆಗೆ ಸಿಗುತ್ತೇನೆ.’

ಇದರಲ್ಲಿ ಇಲ್ಲದ್ದನ್ನು ಮೊದಲು ಗಮನಿಸಿ. ಮ್ಯಾನೇಜರ್ ಸ್ಟ್ರಿಕ್ಟ್ ಅನ್ನೋ ದೂರು ಇಲ್ಲ, ಡೆಮೊ ಯಾವುದರದ್ದು ಅನ್ನೋ ವಿವರ ಇಲ್ಲ, ಮೂರು ಸಲ ಸಾರಿ ಇಲ್ಲ. ಕಾರಣ ಒಂದೇ ವಾಕ್ಯ. ರಿಕ್ರೂಟರಿಗೆ ಬೇಕಿರೋದು ಕಾರಣ ಅಲ್ಲ, ಪ್ಯಾನೆಲ್‌ಗೆ ಹಾಗೇ ಫಾರ್ವರ್ಡ್ ಮಾಡಬಹುದಾದ ಸಮಯ. ‘ಎನಿಟೈಮ್ ಫ್ರೀ’ ಅಂತಲೂ ಬರೆದಿಲ್ಲ. ಹಾಗೆ ಬರೆದಿದ್ದರೆ ಮತ್ತೆ ಹಗಲು 3 ಗಂಟೆಗೆ ಇನ್ವೈಟ್ ಬಂದು, ಎರಡನೇ ಸಲ ಇಲ್ಲ ಅನ್ನಬೇಕಾಗುತ್ತಿತ್ತು. ಎರಡನೇ ‘ಇಲ್ಲ’ ಮೊದಲಿನಷ್ಟು ಹಗುರ ಅಲ್ಲ.

ಇಲ್ಲಿ ಒಂದು ವಿಷಯ ಅಕ್ಕನಿಗೂ ಮೊದಲು ಗೊತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ರಿಕ್ರೂಟರ್ ಫೋನ್ ಮಾಡಿ, ಪ್ಯಾನೆಲ್‌ನಲ್ಲಿ ಇಬ್ಬರು ಬೆಂಗಳೂರಿನವರು, ಒಬ್ಬರು ಜರ್ಮನಿಯಲ್ಲಿದ್ದಾರೆ ಅಂದರು. ಏಪ್ರಿಲ್‌ನಲ್ಲಿ ಜರ್ಮನಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ನಮ್ಮ ಬೆಳಿಗ್ಗೆ 7.30 ಅಂದರೆ ಅವರಿಗೆ ನಸುಕಿನ 4 ಗಂಟೆ, ಯಾರೂ ಏಳಲ್ಲ. ನಮ್ಮ ಸಂಜೆ 6.30 ಅಂದರೆ ಅವರಿಗೆ ಮಧ್ಯಾಹ್ನ 3, ಆರಾಮ. ಗುರುವಾರ ಅವರಿಗೆ ಬೇರೆ ಮೀಟಿಂಗ್ ಇತ್ತು, ಶುಕ್ರವಾರ ಸಂಜೆ ಆಯಿತು. ಬೆಂಗಳೂರಿನ ಇಬ್ಬರು ಒಂದು ಗಂಟೆ ಜಾಸ್ತಿ ಕೂತರು. ಆಫೀಸ್ ಮುಗಿದ ಮೇಲಿನ ಸಮಯ ಕೇಳೋಕೆ ನಮಗೆ ಸಂಕೋಚ, ಆದರೆ ಹೊರದೇಶದವರು ಇರುವ ಪ್ಯಾನೆಲ್‌ನಲ್ಲಿ ಅದೇ ಎಲ್ಲರಿಗೂ ಹೊಂದುವ ಸಮಯ ಆಗಿರಬಹುದು. ಹಾಗಾಗಿ ಪ್ಯಾನೆಲ್‌ನವರು ಯಾವ ಊರಿನಲ್ಲಿದ್ದಾರೆ ಅಂತ ಕೇಳಿದರೆ ತಪ್ಪೇನಿಲ್ಲ. ಎಲ್ಲರೂ ಬೆಂಗಳೂರಿನವರೇ ಆಗಿದ್ದರೆ ಬೆಳಗಿನ ಸಮಯಕ್ಕೂ ಒಪ್ಪಬಹುದು. ಶನಿವಾರ ಕೊಡಬೇಡಿ ಅಂತಲ್ಲ, ಕೊಡಿ, ಅದೊಂದನ್ನೇ ಕೊಡಬೇಡಿ.

ಮೇಲ್ ಜೊತೆಗೆ ಕ್ಯಾಲೆಂಡರ್ ಇನ್ವೈಟ್ ಬಂದಿದ್ದರೆ ಸುಮ್ಮನೆ ಡಿಕ್ಲೈನ್ ಒತ್ತಬೇಡಿ. ನೋಟಿಫಿಕೇಶನ್ ನೋಡುವವರಿಗೆ ನೀವು ಕೆಲಸವೇ ಬೇಡ ಅಂದಂತೆ ಕಾಣುತ್ತದೆ. ‘ಮೇಬಿ’ ಇನ್ನೂ ಕೆಟ್ಟದ್ದು, ಅದರಿಂದ ಯಾರಿಗೂ ಏನೂ ತಿಳಿಯಲ್ಲ. ಮೊದಲು ಮೇಲ್ ಕಳಿಸಿ, ಉತ್ತರ ಬರುವ ತನಕ ಇನ್ವೈಟನ್ನು ಮುಟ್ಟದೆ ಬಿಡಿ.

ಆಫೀಸಿನ ಮೀಟಿಂಗ್ ರೂಮಿನಲ್ಲೇ ಕೂತು ಕೊಟ್ಟುಬಿಡ್ತೀನಿ ಅನ್ನೋರೂ ಇದ್ದಾರೆ. ಬೇಡ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ನೆಟ್‌ವರ್ಕ್ ಎರಡನ್ನೂ ಕಂಪನಿ ಗಮನಿಸಬಹುದು. ಅದೂ ಅಲ್ಲದೆ 90 ನಿಮಿಷದಲ್ಲಿ ಯಾರಾದರೂ ಬಾಗಿಲು ಬಡಿಯದೆ ಇರಲ್ಲ. ಜ್ವರದ ನಾಟಕ ಕೂಡ ಇಂಟರ್ನ್‌ಗೆ ದುಬಾರಿ: ನಿಮ್ಮ ಹಾಜರಿಗೆ, ಕೊನೆಗೆ ಸರ್ಟಿಫಿಕೇಟಿಗೆ ಸಹಿ ಹಾಕುವವರು ಅದೇ ಮ್ಯಾನೇಜರ್.

ಕೆಲವೊಮ್ಮೆ ರಿಪ್ಲೈ ಎಷ್ಟೇ ಚೆನ್ನಾಗಿದ್ದರೂ ‘ಶುಕ್ರವಾರವೇ ಬೇಕು’ ಅಂತಾರೆ. ಆಗ ಹೇಳ್ತಿರೋದು ಯಾರು ಅಂತ ನೋಡಿ. ಕನ್ಸಲ್ಟೆನ್ಸಿಯವರಾದರೆ ಅವರಿಗೆ ಪ್ಯಾನೆಲ್‌ನ ಕ್ಯಾಲೆಂಡರ್ ಕಾಣಲೇಬೇಕೆಂದಿಲ್ಲ; ಕಂಪನಿಯನ್ನು ಕೇಳದೆಯೇ ಹೇಳಿರಬಹುದು. ‘ನನ್ನ ಸಮಯಗಳನ್ನು ಕಂಪನಿಯ ಎಚ್‌ಆರ್‌ಗೆ ಒಮ್ಮೆ ಕಳಿಸುತ್ತೀರಾ?’ ಅಂತ ವಿನಯವಾಗಿಯೇ ಕೇಳಿ. ಕಂಪನಿಯವರೇ ಹೇಳಿದ್ದರೆ, ಅಥವಾ ಒಂದೇ ದಿನದಲ್ಲಿ ಎಲ್ಲರನ್ನೂ ನೋಡಿ ಮುಗಿಸುವ ಡ್ರೈವ್ ಆಗಿದ್ದರೆ, ಅದು ಜರುಗುವುದು ಕಷ್ಟ. ಕಾಲೇಜಿನ ಮೂಲಕ ಬಂದ ಡ್ರೈವ್ ಆದರೆ ನೀವೇ ರಿಕ್ರೂಟರ್ ಜೊತೆ ಹಗ್ಗಜಗ್ಗಾಟಕ್ಕೆ ಇಳಿಯದೆ ಪ್ಲೇಸ್‌ಮೆಂಟ್ ಆಫೀಸರ್‌ಗೆ ಹೇಳಿ.

ಅದೂ ಆಗದಿದ್ದರೆ ಆ ಕೆಲಸ ಕೈತಪ್ಪಬಹುದು. ನಾವು ಅದನ್ನು ಮುಚ್ಚಿಡಲ್ಲ. ಆದರೆ ಡೆಮೊ ದಿನ ಕೈಕೊಟ್ಟು ಹೋಗೋದಕ್ಕಿಂತ, ‘ಈ ಸಲ ಆಗಲ್ಲ, ಮುಂದಿನ ವಾರ ಪ್ಯಾನೆಲ್ ಸೇರಿದರೆ ದಯವಿಟ್ಟು ನನ್ನನ್ನು ಪರಿಗಣಿಸಿ’ ಅಂತ ಎರಡು ಸಾಲು ಬರೆಯೋದೇ ಸರಿ ಅಂತ ನಮಗನ್ನಿಸುತ್ತೆ. ಆಯ್ಕೆಯಾದವರೆಲ್ಲ ಸೇರಲ್ಲ, ಹುದ್ದೆ ಮತ್ತೆ ಖಾಲಿ ಆಗೋದುಂಟು.

ಸಮಯ ಬದಲಾಗಿ ಹೊಸ ಇನ್ವೈಟ್ ಬಂದರೆ ಆಗಲೇ ಅಕ್ಸೆಪ್ಟ್ ಮಾಡಿ, ದಿನಾಂಕ, ಗಂಟೆ, ಕಾಲಮಾನ ಮೂರನ್ನೂ ಬರೆದು ಒಂದು ಸಾಲಿನ ರಿಪ್ಲೈ ಕಳಿಸಿ. ಮೊದಲಿನ 11 ಗಂಟೆಯ ಇನ್ವೈಟ್ ರದ್ದಾಗಿದೆಯಾ ಅಂತಲೂ ಕೇಳಿ. ಹಳೆಯ ಲಿಂಕಿನಲ್ಲಿ ಪ್ಯಾನೆಲ್‌ನವರೊಬ್ಬರು, ಹೊಸ ಲಿಂಕಿನಲ್ಲಿ ನೀವೊಬ್ಬರು ಕಾಯುತ್ತಾ ಕೂತುಬಿಡಬಹುದು.